ಮೊದಲು ಎಚ್‌ಡಿಆರ್, ಆಮೇಲೆ ಎಸ್‌ಡಿಆರ್: ಯಕ್ಷಗಾನ ಚಿತ್ರದ ಗ್ರೇಡಿಂಗ್‌ನಲ್ಲಿ ನನ್ನ ಅನುಭವ

ಸಾಮಾನ್ಯ ಪರದೆಗಳ ಎಸ್‌ಡಿಆರ್‌ಗೆ ಗ್ರೇಡ್, ಅಂದರೆ ಬಣ್ಣ-ಬೆಳಕಿನ ಹದ, ಮುಗಿಸಿ ಅದನ್ನೇ ಹಿಗ್ಗಿಸಿದರೆ ಹೆಚ್ಚು ಹೊಳಪು ತೋರುವ ಪರದೆಗಳ ಎಚ್‌ಡಿಆರ್ ಆಯಿತಲ್ಲ ಎಂದು ಜೊತೆಯ ಕಲರಿಸ್ಟ್‌ಗಳೆಲ್ಲ ಹೇಳುತ್ತಿದ್ದರು. ರಾತ್ರಿಯಿಡೀ ನಡೆದ ಯಕ್ಷಗಾನದ ಸಾಕ್ಷ್ಯಚಿತ್ರ ಕೈಗೆ ಬಂದಾಗ ಹಾಗೆಯೇ ಆರಂಭಿಸಿದೆವು. ಪರದೆಯ ಹೊಳಪನ್ನು ನಿಟ್ಸ್‌ನಲ್ಲಿ ಅಳೆಯುತ್ತಾರೆ. ಎಸ್‌ಡಿಆರ್‌ನ 100 ನಿಟ್ಸ್‌ನ ಮಿತಿಯಲ್ಲಿ ಕಿರೀಟದ ಮಿಂಚೂ ಬಿಳಿ ಪಂಚೆಯೂ ಒಂದೇ ಬಿಳುಪಿಗೆ ಬಂದು ನಿಂತಿದ್ದವು. ಹಿಗ್ಗಿಸಿದಾಗ ಪಂಚೆಯೂ ದೀಪದಂತೆ ಉರಿಯಿತು, ಕತ್ತಲಿನ ನಾಯ್ಸ್ ಎದ್ದು ಕುಣಿಯಿತು. ಒಂದು ವಾರದ ಕೂಲಿ ಮಣ್ಣುಪಾಲು.

ಆಮೇಲೆ ಕ್ರಮವನ್ನೇ ತಿರುಗಿಸಿದೆ. ಮೂಲ ರಾ ಫೈಲ್‌ಗಳಿಂದ ನೇರವಾಗಿ, ಎಚ್‌ಡಿಆರ್ ಹೊಳಪನ್ನು ಸಂಕೇತಿಸುವ ಪಿಕ್ಯೂ ಪದ್ಧತಿಯಲ್ಲಿ, 1000 ನಿಟ್ಸ್‌ನ ಗ್ರೇಡ್ ಮಾಡಿದೆ. ಸರಿಯಾದ ಮಾನಿಟರ್‌ನ ಬಾಡಿಗೆ ದಿನಕ್ಕೆ ಹದಿನೈದು ಸಾವಿರದ ಆಸುಪಾಸು ಬಿತ್ತು. ನಿರ್ಮಾಪಕರು ಮುಖ ಸಿಂಡರಿಸಿದರು. ಮನೆಯ ಓಎಲ್‌ಇಡಿ ಟಿವಿಯಲ್ಲೂ ಪರೀಕ್ಷಿಸಿದೆ. ಪರದೆಯ ತುಂಬ ಬೆಳಕಿದ್ದರೆ ಅದು ತಾನಾಗಿಯೇ ಮಂಕಾಗುತ್ತದೆ. ಅದನ್ನು ನಂಬಿ ಗ್ರೇಡ್ ಮಾಡಲಾಗದು, ನೋಡುಗರ ಮನೆಯಲ್ಲಿ ಹೇಗೆ ಕಾಣಬಹುದೆಂದು ಊಹಿಸಲು ಸಾಕು.

ಸಾವಿರ ನಿಟ್ಸ್ ಇದೆಯೆಂದು ಎಲ್ಲವನ್ನೂ ಬೆಳಗಿಸಬಾರದು. ಮುಖಗಳನ್ನು 60–80ರಲ್ಲಿ, ಪಂಚೆಯನ್ನು 200ರ ಒಳಗೆ ಇಟ್ಟೆ. ಕಿರೀಟದ ಮಿಂಚಿಗೆ ಮಾತ್ರ 600–700 ಬಿಟ್ಟೆ. ರಂಗಸ್ಥಳದ ಹಿಂದಿನ ಹ್ಯಾಲೊಜೆನ್ ದೀಪ ಸಾವಿರಕ್ಕೆ ಮುಟ್ಟಿತ್ತು. ಕಣ್ಣು ವೇಷಧಾರಿಯನ್ನು ಬಿಟ್ಟು ಅತ್ತ ಓಡುತ್ತಿತ್ತು. ಅದನ್ನು 400ಕ್ಕೆ ಇಳಿಸಿದ ಮೇಲೆ ಕಿರೀಟ ನಿಜಕ್ಕೂ ಹೊಳೆಯಿತು.

ಈ ಎಚ್‌ಡಿಆರ್ ಗ್ರೇಡ್ ಮೇಲೆ ಡಾಲ್ಬಿ ವಿಷನ್ ವಿಶ್ಲೇಷಣೆ ನಡೆಸಿ, ಶಾಟ್‌ಗೊಂದರಂತೆ ಟ್ರಿಮ್, ಅಂದರೆ ಸಣ್ಣ ತಿದ್ದುಪಡಿ, ಮಾಡಿ ಎಸ್‌ಡಿಆರ್ ಪ್ರತಿಯನ್ನು ತೆಗೆದೆ. ಚೌಕಟ್ಟಿನಲ್ಲಿ ದೀಪವಿದ್ದ ಶಾಟ್‌ಗಳು ತಾನಾಗಿ ಕತ್ತಲಾದವು, ಏಕೆಂದರೆ ಆ ಒಂದು ದೀಪಕ್ಕೆ ಜಾಗ ಮಾಡಲು ಉಳಿದುದೆಲ್ಲ ಕೆಳಗಿಳಿಯುತ್ತದೆ. ಅಲ್ಲಿ ಮಧ್ಯದ ಬೆಳಕನ್ನು ಕೈಯಿಂದ ಎತ್ತಿದೆ. ಬಣ್ಣದ ವೇಷದ ಕೆಂಪು, ಎಸ್‌ಡಿಆರ್‌ನ ಕಿರಿದಾದ ಬಣ್ಣವ್ಯಾಪ್ತಿಯಾದ ರೆಕ್.709ಕ್ಕೆ ಇಳಿಯುವಾಗ ಕಿತ್ತಳೆಯತ್ತ ಜಾರುತ್ತಿತ್ತು. ಅದನ್ನು ಹಿಡಿದು ನಿಲ್ಲಿಸಿದ ಉಪಾಯ ನನ್ನಲ್ಲೇ ಇರಲಿ. ಎಸ್‌ಡಿಆರ್‌ಗೆಂದೇ ಎರಡನೆಯ ಗ್ರೇಡ್ ಮಾಡಲು ಬೇಕಾಗುತ್ತಿದ್ದ ಸಮಯದ ಕಾಲುಭಾಗದಲ್ಲಿ ಕೆಲಸ ಮುಗಿಯಿತು, ಬಾಡಿಗೆಯ ಹಣವೂ ಅಲ್ಲೇ ವಾಪಸಾಯಿತು. ಮುಖ ಸಿಂಡರಿಸಿದ್ದವರೇ ಮುಂದಿನ ಚಿತ್ರಕ್ಕೂ ಹೀಗೆಯೇ ಮಾಡಿ ಎಂದರು.

ಡೆಲಿವರಿಯಲ್ಲಿ ಒಮ್ಮೆ ಫೈಲ್ ವಾಪಸು ಬಂತು. ಕಾರಣ ಚಿತ್ರವಲ್ಲ, ಶೀರ್ಷಿಕೆಗಳು. ಎಸ್‌ಡಿಆರ್‌ನಲ್ಲಿ ತಯಾರಿಸಿದ ಬಿಳಿ ಅಕ್ಷರಗಳನ್ನು ಯಾರೋ ಪರಿವರ್ತಿಸದೆ ಪಿಕ್ಯೂ ಟೈಮ್‌ಲೈನ್‌ಗೆ ಎಳೆದಿದ್ದರು. ಅಲ್ಲಿ ಪೂರ್ಣ ಬಿಳಿ ಎಂದರೆ 10,000 ನಿಟ್ಸ್. ಸಾವಿರದ ಮಿತಿ ದಾಟಿತು. ಎಲ್ಲ ಅಕ್ಷರಗಳನ್ನೂ 203ಕ್ಕೆ ಇಳಿಸಿದೆ. ಈಗ ಕಳುಹಿಸುವ ಮೊದಲು ಇದನ್ನು ತಪ್ಪದೆ ಓಡಿಸುತ್ತೇನೆ:

```
ffprobe -v error -select_streams v:0 -show_entries stream=color_transfer,color_primaries final.mov
```

ಪಿಕ್ಯೂವಿನ ಗುರುತಾದ `smpte2084`, ಅಗಲವಾದ ಬಣ್ಣವ್ಯಾಪ್ತಿಯ ಗುರುತಾದ `bt2020` ಎಂದು ಬರಬೇಕು. ಈ ಗುರುತು ಬಿಟ್ಟುಹೋದರೆ ಪ್ಲೇಯರ್ ಅದನ್ನು ಎಸ್‌ಡಿಆರ್ ಎಂದೇ ತಿಳಿಯುತ್ತದೆ. ಚಿತ್ರವೆಲ್ಲ ಬೂದಿಬಣ್ಣಕ್ಕೆ ತಿರುಗುತ್ತದೆ, ಬೈಗುಳ ಮಾತ್ರ ಕಲರಿಸ್ಟ್‌ಗೆ.