ಚಾಟ್ ಆ್ಯಪ್‌ಗೆ ನೆನಪಿದೆಯೇ? ಗುಟ್ಟಿನ ಪದವೊಂದರಿಂದ ಪರೀಕ್ಷಿಸಿ

ಮಳೆಗೆ ಶಾಲೆಗೆ ರಜೆ ಸಿಕ್ಕ ದಿನ ಚಿಕ್ಕಮಗಳೂರಿನಲ್ಲಿ ನನ್ನ ಅಕ್ಕನ ಮಗಳು ಮಾಡಿದ ಪರೀಕ್ಷೆಯನ್ನು ನೀವೂ ಮಾಡಿ ನೋಡಿ. ಕೃತಕ ಬುದ್ಧಿಮತ್ತೆಯ ಚಾಟ್ ಆ್ಯಪ್‌ನಲ್ಲಿ ಅವಳು ‘ನನ್ನ ಗುಟ್ಟಿನ ಪದ ಹಲಸಿನತೊಳೆ 47’ ಎಂದು ಬರೆದಳು. ನಾಲ್ಕು ಲೆಕ್ಕ ಮಾಡಿಸಿ, ಪದ ಯಾವುದೆಂದು ಕೇಳಿದಳು. ಸರಿಯಾಗಿ ಬಂತು. ಹೊಸ ಸಂಭಾಷಣೆ ತೆರೆದು ಕೇಳಿದರೆ ‘ಸೂರ್ಯಕಾಂತಿ’ ಎಂದು ಬಂತು! ಅದು ಬರೀ ಊಹೆ. ಗುಲಾಬಿಯಂಥ ಸಾಮಾನ್ಯ ಪದ ಇಟ್ಟಿದ್ದರೆ ಊಹೆ ಹೊಂದಿಕೊಂಡು ನೆನಪಿನಂತೆಯೇ ಕಾಣಬಹುದಿತ್ತು. ಆದ್ದರಿಂದ ಪದದ ಜೊತೆಗೆ ಸಂಖ್ಯೆಯನ್ನೂ ಸೇರಿಸಿ, ಕೇಳುವಾಗ ಸುಳಿವು ಕೊಡಬೇಡಿ.

ಒಂದೇ ಸಂಭಾಷಣೆಯಲ್ಲಿ ನೀವು ಪ್ರತಿ ಸಲ ಬರೆದಾಗಲೂ ಹಿಂದಿನ ಮಾತುಗಳು ಮತ್ತೆ ಜೊತೆಗೇ ಹೋಗುತ್ತವೆ. ನೆನಪಿನಂತೆ ಕಾಣುವುದು ಅದೇ. ಹೊಸ ಸಂಭಾಷಣೆಯೆಂದರೆ ಸಾಮಾನ್ಯವಾಗಿ ಖಾಲಿ ಹಾಳೆ. ಆದರೆ ಕೆಲವು ಆ್ಯಪ್‌ಗಳ ಸೆಟ್ಟಿಂಗ್ಸ್‌ನಲ್ಲಿ, ಹೊಸ ಸಂಭಾಷಣೆಗೂ ಸಿಗುವಂತೆ ಟಿಪ್ಪಣಿ ಇಟ್ಟುಕೊಳ್ಳುವ ‘ಮೆಮೊರಿ’ ಇರುತ್ತದೆ. ಅವಳು ಅದನ್ನು ಆನ್ ಮಾಡಿ, ಪದವನ್ನು ನೆನಪಿಟ್ಟುಕೊಳ್ಳಲು ಹೇಳಿದ ಮೇಲೆ, ಮತ್ತೊಂದು ಹೊಸ ಸಂಭಾಷಣೆಯಲ್ಲೂ ‘ಹಲಸಿನತೊಳೆ 47’ ಬಂತು.

ದಯವಿಟ್ಟು ನಿಜವಾದ ಪಾಸ್‌ವರ್ಡ್ ಅಥವಾ ಒಟಿಪಿ ಹಾಕಿ ಪರೀಕ್ಷಿಸಬೇಡಿ. ಮರೆತಂತೆ ಕಂಡರೂ ನೀವು ಬರೆದದ್ದು ಸಾಮಾನ್ಯವಾಗಿ ಖಾತೆಯ ಹಳೆಯ ಸಂಭಾಷಣೆಗಳ ಪಟ್ಟಿಯಲ್ಲಿ ಹಾಗೆಯೇ ಇರುತ್ತದೆ. ಅವಳು ಆ ಸಂಭಾಷಣೆಗಳನ್ನು ಅಲ್ಲಿ ಹುಡುಕಿ ಅಳಿಸಿ, ಮೆಮೊರಿಯ ಟಿಪ್ಪಣಿಯನ್ನೂ ಬೇರೆಯಾಗಿ ಅಳಿಸಿದಳು.