ಕಿತ್ತಳೆ ಸೋಪಿನ ಘಮ ಆರು ವಾರಕ್ಕೆ ಎಲ್ಲಿ ಹೋಯಿತು?

ಡಿಸೆಂಬರ್‌ನಲ್ಲಿ ಕಿತ್ತಳೆ ಸೋಪು ಮಾಡಿದ್ದೆ. ಅಚ್ಚಿನಿಂದ ತೆಗೆದು ಕತ್ತರಿಸುವಾಗ ಹತ್ತು ಹಣ್ಣು ಒಟ್ಟಿಗೆ ಸುಲಿದ ಹಾಗೆ ಮನೆಯೆಲ್ಲಾ ಘಮ. ಜನವರಿ ಕೊನೆಗೆ ಮಡಿಕೇರಿಯ ಒಂದು ಹೋಂಸ್ಟೇಗೆ ನಲವತ್ತು ಸೋಪು ಕೊಟ್ಟೆ. ವಾರದೊಳಗೆ ಅಲ್ಲಿನ ಆಂಟಿ ಫೋನ್ ಮಾಡಿದರು. "ಸೋಪು ಚೆನ್ನಾಗಿದೆಯಮ್ಮ, ಆದರೆ ಲೇಬಲ್ ಮೇಲೆ ಕಿತ್ತಳೆ ಅಂತ ಬರೆದಿದ್ದೀಯಲ್ಲ, ವಾಸನೆನೇ ಇಲ್ವಲ್ಲಾ?"

ಮನೆಯಲ್ಲಿ ಉಳಿದಿದ್ದ ಸೋಪು ಮೂಸಿ ನೋಡಿದೆ. ನನಗೇನೋ ಘಮ ಬಂದ ಹಾಗೆ ಅನ್ನಿಸಿತು. ಆದರೆ ದಿನವಿಡೀ ಅದೇ ಎಣ್ಣೆಗಳ ನಡುವೆ ಇರುವ ಮೂಗನ್ನು ನಂಬುವ ಹಾಗಿಲ್ಲ. ಪಕ್ಕದ ಮನೆಯ ಅಕ್ಕನ ಕೈಗೆ ಕೊಟ್ಟೆ. "ಬರೀ ಸೋಪಿನ ವಾಸನೆ" ಅಂದರು. ಆಗ ಒಂದು ಸೋಪನ್ನು ಚಾಕುವಿನಿಂದ ಎರಡು ಹೋಳು ಮಾಡಿದೆ. ಹೊಸದಾಗಿ ಕತ್ತರಿಸಿದ ಮುಖದಲ್ಲಿ ಕಿತ್ತಳೆ ಇನ್ನೂ ಇತ್ತು! ತೆಳ್ಳಗೆ, ಆದರೆ ಖಂಡಿತ ಇತ್ತು. ಹತ್ತು ನಿಮಿಷ ಬಿಟ್ಟು ಮೂಸಿದರೆ ಅದೂ ಕಡಿಮೆಯಾಗಿತ್ತು.

ಕಾರಣ ನನಗೆ ಗೊತ್ತಾಗಿದ್ದು ಆ ಹೋಳಿನಿಂದಲೇ. ಒಳಗಿನ ಘಮ ಉಳಿದಿದೆ, ಹೊರಗಿನದು ಹೋಗಿದೆ ಅಂದರೆ ಎಣ್ಣೆಯನ್ನು ಸೋಪು ಮಾಡಲು ಬೆರೆಸುವ ಕಾಸ್ಟಿಕ್ ಸೋಡಾ ಆ ಘಮವನ್ನು ಪೂರ್ತಿ ತಿಂದು ಹಾಕಿಲ್ಲ. ಪರಿಮಳಕ್ಕೆ ಹಾಕಿದ ಕಿತ್ತಳೆ ಎಣ್ಣೆ ಸೋಪಿನ ಮೈಯಿಂದ ಗಾಳಿಗೆ ಹಾರಿ ಹೋಗುತ್ತಿದೆ. ಕಿತ್ತಳೆ ಎಣ್ಣೆಯಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಲಿಮೊನೀನ್ ಎನ್ನುವ ಹಗುರ ಪದಾರ್ಥ ಇರುತ್ತದೆ. ಸಿಪ್ಪೆ ಸುಲಿದ ಕೂಡಲೇ ಮೂಗಿಗೆ ಬಡಿಯುವುದು ಅದೇ. ಬೇಗ ಹಾರುವುದರಿಂದಲೇ ಅದು ಬೇಗ ಮೂಗಿಗೆ ಸಿಗುತ್ತದೆ, ಅಷ್ಟೇ ಬೇಗ ಖಾಲಿಯೂ ಆಗುತ್ತದೆ. ಸೋಪನ್ನು ನಾಲ್ಕರಿಂದ ಆರು ವಾರ ಗಾಳಿಯಲ್ಲಿ ಹದಕ್ಕೆ ಬಿಡುತ್ತೇವೆ. ಆಗ ನೀರಿನ ಜೊತೆ ಇದೂ ಹೊರಟು ಹೋಗುತ್ತದೆ. ಲ್ಯಾವೆಂಡರ್ ಕಥೆ ಬೇರೆ. ಅದರ ಸಿಹಿ ಘಮ ಕೊಡುವ ಭಾಗದಲ್ಲಿ ಒಂದಷ್ಟನ್ನು ಕಾಸ್ಟಿಕ್ಕೇ ಒಡೆದು ಹಾಕುತ್ತದೆ.

ಇದು ತಿಳಿಯುವ ಮೊದಲು ನಾನು ಮಾಡಿದ ತಪ್ಪುಗಳನ್ನೂ ಹೇಳಬೇಕು. ಸೋಪು ಮಾಡುವ ಒಂದು ಕಿಲೋ ಎಣ್ಣೆಗೆ 30 ಗ್ರಾಂ ಕಿತ್ತಳೆ ಎಣ್ಣೆ ಹಾಕುತ್ತಿದ್ದೆ. ಘಮ ನಿಲ್ಲುವುದಿಲ್ಲ ಅಂತ ಒಮ್ಮೆ 60 ಗ್ರಾಂ ಹಾಕಿದೆ. ಸೋಪು ಮೆತ್ತಗಾಯಿತು, ಮೇಲೆ ಎಣ್ಣೆ ಹನಿ ಕಟ್ಟಿತು, ನನ್ನ ಮುಂಗೈ ತುರಿಸಿತು. ಘಮ ಮಾತ್ರ ಎರಡು ವಾರ ಜಾಸ್ತಿ ಬಂತು, ಅಷ್ಟೇ. ಇನ್ನೊಂದು ತಪ್ಪು ಮಳೆಗಾಲದ್ದು. ನಮ್ಮಲ್ಲಿ ಜೂನ್ ಬಂತೆಂದರೆ ಸೋಪು ಬೆವರುತ್ತದೆ. ಅದರಲ್ಲಿರುವ ಗ್ಲಿಸರಿನ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಒಣಗಲಿ ಅಂತ ಸೌದೆ ಒಲೆಯ ಮೇಲಿನ ಅಟ್ಟದಲ್ಲಿ, ಕರಿಮೆಣಸಿನ ಚೀಲದ ಪಕ್ಕ ಸಾಲಾಗಿ ಇಟ್ಟೆ. ಸೋಪು ಒಣಗಿತು. ಆದರೆ ಒಲೆಯ ಬಿಸಿಗೆ ಇದ್ದ ಘಮವೂ ಹೋಯಿತು, ಹೊಗೆ ವಾಸನೆ ಹಿಡಿಯಿತು.

ನಿಮ್ಮ ತೋಟದಲ್ಲೇ ಕಿತ್ತಳೆ ಇದೆಯಲ್ಲ, ಸಿಪ್ಪೆ ಹಾಕಬಾರದಾ ಅಂತ ಎಲ್ಲರೂ ಕೇಳುತ್ತಾರೆ. ಅದನ್ನೂ ಮಾಡಿ ನೋಡಿದ್ದೇನೆ. ಒಣಗಿಸಿದ ಸಿಪ್ಪೆಯನ್ನು ಕೊಬ್ಬರಿ ಎಣ್ಣೆಯಲ್ಲಿ ಮೂರು ವಾರ ನೆನೆಸಿಟ್ಟೆ. ಎಣ್ಣೆಗೆ ಚೆಂದದ ಬಣ್ಣ ಬಂತು. ಆದರೆ ಸೋಪಾದ ಮೇಲೆ ಘಮ ಸ್ವಲ್ಪವೂ ಉಳಿಯಲಿಲ್ಲ. ಒಣಗುವಾಗಲೇ ಸಿಪ್ಪೆಯ ಎಣ್ಣೆ ಸಾಕಷ್ಟು ಹಾರಿ ಹೋಗಿರುತ್ತದೆ. ಸಿಪ್ಪೆಪುಡಿ ಹಾಕಿದರೆ ಮೈಗೆ ತರಿತರಿ ಆಗುತ್ತದೆ, ಘಮ ಬರುವುದಿಲ್ಲ.

ಕೊನೆಗೆ ಒಂದೇ ದಿನ, ಎಣ್ಣೆಗೆ ಕಾಸ್ಟಿಕ್ ನೀರು ಬೆರೆಸಿದ ಒಂದೇ ಹಿಟ್ಟಿನಿಂದ ಮೂರು ಬಗೆ ಮಾಡಿದೆ. ಮೂರಕ್ಕೂ ಎಣ್ಣೆಯ ತೂಕದ ನೂರಕ್ಕೆ ಮೂರರಷ್ಟೇ ಪರಿಮಳ. ಮೊದಲನೆಯದಕ್ಕೆ ಬರೀ ಕಿತ್ತಳೆ. ಎರಡನೆಯದಕ್ಕೆ ಕಿತ್ತಳೆ ಮತ್ತು ಬಿಳಿ ಜೇಡಿಮಣ್ಣು, ಯಾಕೆಂದರೆ ಮಣ್ಣು ಘಮ ಹಿಡಿದಿಡುತ್ತದೆ ಅಂತ ಕೇಳಿದ್ದೆ. ಮೂರನೆಯದಕ್ಕೆ ಫೈವ್ ಫೋಲ್ಡ್ ಕಿತ್ತಳೆ ಎಣ್ಣೆ, ಮಜ್ಜಿಗೆಹುಲ್ಲಿನ ಎಣ್ಣೆ, ಪಚೋಲಿ ಎನ್ನುವ ಗಿಡದ ಎಲೆಯ ಎಣ್ಣೆ. ಫೈವ್ ಫೋಲ್ಡ್ ಅಂದರೆ ಕಿತ್ತಳೆ ಎಣ್ಣೆಯ ಲಿಮೊನೀನ್‌ನಲ್ಲಿ ಬಹಳಷ್ಟನ್ನು ಬಟ್ಟಿ ಇಳಿಸಿ ತೆಗೆದು, ಭಾರದ ಭಾಗವನ್ನು ಗಟ್ಟಿ ಮಾಡಿದ್ದು. ಬೆಲೆ ಜಾಸ್ತಿ, ಆದರೆ ನಿಧಾನವಾಗಿ ಹಾರುತ್ತದೆ. ಪಚೋಲಿ ಎಲ್ಲಕ್ಕಿಂತ ಭಾರ, ತಿಂಗಳುಗಟ್ಟಲೆ ಸೋಪಿನಲ್ಲೇ ಕೂತಿರುತ್ತದೆ. ಮಜ್ಜಿಗೆಹುಲ್ಲಿನಲ್ಲಿ ನಿಂಬೆಹಣ್ಣಿನಂಥ ಘಮ ಇದೆ, ಕಿತ್ತಳೆಗಿಂತ ಅದು ಸೋಪಿನಲ್ಲಿ ಚೆನ್ನಾಗಿ ನಿಲ್ಲುತ್ತದೆ. ಕಿತ್ತಳೆ ತೆಳ್ಳಗಾದಾಗ ಅದರ ಜಾಗ ತುಂಬುತ್ತದೆ.

ಆರು ವಾರಕ್ಕೆ ಮೂರನ್ನೂ ಪಕ್ಕದ ಮನೆಯ ಅಕ್ಕನಿಗೆ ಹೆಸರು ಹೇಳದೆ ಕೊಟ್ಟೆ. ಮೊದಲೆರಡರಲ್ಲಿ ಅವರಿಗೆ ಏನೂ ಸಿಗಲಿಲ್ಲ. ಮಣ್ಣಿನಿಂದ ನನ್ನ ಸೋಪಿಗೆ ನುಣುಪು ಬಂತು, ಘಮಕ್ಕೆ ಉಪಯೋಗ ಆಗಲಿಲ್ಲ. ಮೂರನೆಯದನ್ನು ಮೂಸಿ "ಇದು ಕಿತ್ತಳೆ ಅಲ್ವಾ?" ಅಂದರು.

ಈಗ ನಾನು ಮಾಡುವುದು ಹೀಗೆ. ಒಂದು ಕಿಲೋ ಎಣ್ಣೆಗೆ ಫೈವ್ ಫೋಲ್ಡ್ ಕಿತ್ತಳೆ 18 ಗ್ರಾಂ, ಮಜ್ಜಿಗೆಹುಲ್ಲು 6 ಗ್ರಾಂ, ಪಚೋಲಿ 6 ಗ್ರಾಂ. ಹನಿ ಲೆಕ್ಕ ಬೇಡ, ತಕ್ಕಡಿಯಲ್ಲೇ ತೂಗಬೇಕು. ಮೂರನ್ನೂ ಕಂದು ಬಾಟಲಿಯಲ್ಲಿ ಬೆರೆಸಿ ಒಂದು ವಾರ ಕತ್ತಲೆಯಲ್ಲಿ ಇಡುತ್ತೇನೆ. ಕಿತ್ತಳೆ ಎಣ್ಣೆ ಹಳೆಯದಾಗಿದ್ದರೆ ಬಳಸುವುದಿಲ್ಲ. ಗಾಳಿ ತಾಗಿ ಕೆಟ್ಟ ಕಿತ್ತಳೆ ಎಣ್ಣೆ ಪೇಂಟಿನ ಹಾಗೆ ನಾರುತ್ತದೆ, ಚರ್ಮಕ್ಕೂ ಒಳ್ಳೆಯದಲ್ಲ. ಕಾಸ್ಟಿಕ್ ನೀರು ಮತ್ತು ಎಣ್ಣೆ ಎರಡೂ 38 ಡಿಗ್ರಿ ಹತ್ತಿರ ಬಂದ ಮೇಲೆ ಬೆರೆಸುತ್ತೇನೆ. ಹಿಟ್ಟು ತೆಳು ಮಜ್ಜಿಗೆಹುಳಿಯ ಹದಕ್ಕೆ ಬಂದಾಗ, ಕೊನೆಗೆ ಪರಿಮಳ ಸೇರಿಸಿ ಚಮಚದಲ್ಲಿ ಕಲಸುತ್ತೇನೆ.

ಅಚ್ಚಿಗೆ ಕಂಬಳಿ ಹೊದಿಸುವುದನ್ನು ಬಿಟ್ಟಿದ್ದೇನೆ. ಹೊದಿಸಿದರೆ ನಡುವೆ ಕಾವು ಏರಿ, ಪಾರದರ್ಶಕ ಜೆಲ್ಲಿಯ ಹಾಗೆ ಆಗುತ್ತದೆ. ಆ ಬಿಸಿಗೆ ಹಗುರ ಘಮ ನಿಲ್ಲುವುದಿಲ್ಲ. ಹೊದಿಸದಿದ್ದರೆ ಅಚ್ಚಿನಿಂದ ಬಿಡಲು ಮೂರು ದಿನ ಬೇಕಾಗುತ್ತದೆ, ಡಿಸೆಂಬರ್ ಚಳಿಯಲ್ಲಿ ನಾಲ್ಕು ದಿನ. ಕಾದರೆ ನಷ್ಟವಿಲ್ಲ.

ಹದಕ್ಕೆ ಬಿಡುವುದು ಈಗ ಅಟ್ಟದಲ್ಲಿ ಅಲ್ಲ, ಬಿಸಿಲು ಬೀಳದ ಕೋಣೆಯ ಮರದ ಕಪಾಟಿನಲ್ಲಿ. ಬಾಗಿಲಿಗೆ ಜಾಲರಿ ಹಾಕಿಸಿದ್ದೇನೆ, ಗಾಳಿ ಸುಳಿಯುತ್ತದೆ, ಬೀಸುವುದಿಲ್ಲ. ಫ್ಯಾನ್ ಇಡುವುದಿಲ್ಲ. ವಾರಕ್ಕೊಮ್ಮೆ ಒಂದೇ ಸೋಪನ್ನು ತೂಗುತ್ತೇನೆ. ತೂಕ ಇಳಿಯುವುದು ನಿಂತ ಮೇಲೆ ಬಟರ್ ಪೇಪರ್ ಸುತ್ತಿ ರಟ್ಟಿನ ಡಬ್ಬಿಗೆ. ಹಸಿ ಇರುವಾಗಲೇ ಪ್ಲಾಸ್ಟಿಕ್‌ನಲ್ಲಿ ಸುತ್ತಿಟ್ಟ ಒಂದು ಸಾಲು ಸೋಪಿಗೆ ಕಿತ್ತಳೆ ಬಣ್ಣದ ಚುಕ್ಕೆ ಬಿದ್ದು, ಹಳಸಿದ ಎಣ್ಣೆಯ ವಾಸನೆ ಬಂತು. ಆ ವಾಸನೆಯ ಮುಂದೆ ಯಾವ ಘಮವೂ ನಿಲ್ಲುವುದಿಲ್ಲ.

ಇಷ್ಟೆಲ್ಲಾ ಮಾಡಿದರೂ ಈಗ ತಾನೇ ಸುಲಿದ ಹಣ್ಣಿನ ಘಮ ಉಳಿಸಲು ನನ್ನಿಂದ ಆಗಿಲ್ಲ. ಮೂರು ತಿಂಗಳ ಮೇಲೆ ಪಚೋಲಿಯ ಮಣ್ಣಿನ ಘಮ ಮುಂದೆ ಬರುತ್ತದೆ, ಕಿತ್ತಳೆ ಹಿಂದೆ ಸರಿಯುತ್ತದೆ. ಅದಕ್ಕೇ ಲೇಬಲ್‌ನಲ್ಲಿ "ಕಿತ್ತಳೆ ಪಚೋಲಿ" ಅಂತ ಬದಲಾಯಿಸಿದೆ, ಮಾಡಿದ ತಾರೀಕನ್ನೂ ಬರೆಯುತ್ತೇನೆ. ಆರು ತಿಂಗಳ ಒಂದು ಸೋಪನ್ನು ಮೊನ್ನೆ ಆ ಆಂಟಿಯ ಮನೆಯಲ್ಲೇ ನೀರು ಹಚ್ಚಿ ಉಜ್ಜಿ ತೋರಿಸಿದೆ. ಒಣಗಿದ್ದಾಗ ಕಿತ್ತಳೆಯ ಘಮ ಏನೂ ಇರಲಿಲ್ಲ. ನೊರೆ ಬಂದ ಕೂಡಲೇ ಕಿತ್ತಳೆ ಎದ್ದು ಬಂತು. ಅವರು ಕೈ ತೊಳೆಯದೆ ಸುಮ್ನೆ ಮೂಸುತ್ತಾ ನಿಂತರು, ಆಮೇಲೆ ಮಳೆಗಾಲ ಮುಗಿದ ಮೇಲೆ ಇಪ್ಪತ್ತು ಬೇಕು ಅಂದರು.