ಅವರೆಕಾಯಿ ಕಾಲಕ್ಕೆ ಮರಳಿ ಬಂದ ದುಃಖ

ನಾನು ಬೆಂಗಳೂರಿನಲ್ಲಿ ಆಪ್ತ ಸಮಾಲೋಚಕಿ. ಅಪ್ಪನನ್ನೋ ಅಮ್ಮನನ್ನೋ ಕಳೆದುಕೊಂಡವರು ವೈಕುಂಠ ಸಮಾರಾಧನೆ ಮುಗಿದ ವಾರ ನನ್ನ ಹತ್ತಿರ ಬರುವುದು ಕಮ್ಮಿ. ಆರೆಂಟು ತಿಂಗಳು ಕಳೆದ ಮೇಲೆ ಬರುತ್ತಾರೆ. "ಚೆನ್ನಾಗೇ ಇದ್ದೆ ಮೇಡಂ, ಈಗ ಇದ್ದಕ್ಕಿದ್ದಂಗೆ ಏನಾಯ್ತೋ ಗೊತ್ತಾಗ್ತಿಲ್ಲ" ಅನ್ನುತ್ತಾರೆ. ನಮ್ಮಪ್ಪ ತೀರಿಕೊಂಡ ವರ್ಷ ನನ್ನ ಬಾಯಲ್ಲೂ ಇದೇ ಮಾತು ಬಂತು.

ಅಪ್ಪ ಹೋದದ್ದು ಏಪ್ರಿಲ್‌ನಲ್ಲಿ. ಕಿಡ್ನಿ ಕೈಕೊಟ್ಟಿತ್ತು, ಬಹಳ ದಿನ ಡಯಾಲಿಸಿಸ್ ನಡೆದಿತ್ತು. ಹೋದ ಮೇಲೆ ಅಳೋದಕ್ಕೆ ಪುರಸೊತ್ತೇ ಇರಲಿಲ್ಲ. ಹದಿಮೂರು ದಿನ ಮನೆ ತುಂಬ ಜನ. ಆಮೇಲೆ ಮರಣ ಪ್ರಮಾಣಪತ್ರ, ಅದರ ಜೆರಾಕ್ಸ್ ಕಂತೆ, ಅಮ್ಮನ ಫ್ಯಾಮಿಲಿ ಪೆನ್ಷನ್, ಬ್ಯಾಂಕು, ಖಾತಾ ಬದಲಾವಣೆ. ಆಸ್ಪತ್ರೆ ಓಡಾಟ ನಿಂತಿತಲ್ಲ ಅನ್ನೋ ಸಮಾಧಾನವೂ ಒಂದು ಕಡೆ ಇತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ಕಾಗದಪತ್ರವೂ ಮುಗಿಯಿತು, ಫೋನ್ ಮಾಡಿ ವಿಚಾರಿಸುವವರೂ ನಿಂತರು.

ಡಿಸೆಂಬರ್ ಕೊನೆಯಲ್ಲಿ ಗಾಂಧಿ ಬಜಾರಿಗೆ ಹೋಗಿದ್ದೆ. ಸೊನೆ ಅವರೆಕಾಯಿ ರಾಶಿ ಬಿದ್ದಿತ್ತು. ನಮ್ಮನೆಯಲ್ಲಿ ಅದನ್ನು ತರೋದು ಅಪ್ಪನದೇ ಕೆಲಸ. ಕಾಯಿಯನ್ನು ಮೂಗಿನ ಹತ್ತಿರ ಹಿಡಿದು, ಸೊಗಡು ನೋಡಿಯೇ ಆರಿಸುತ್ತಿದ್ದರು. ನಾನೂ ಒಂದು ಕಾಯಿ ಎತ್ತಿ ಮೂಸಿದೆ. "ಎಷ್ಟಕ್ಕಾ?" ಅಂದಳು ಮಾರುವಾಕೆ. "ಐದು ಕೆಜಿ" ಅಂದೆ. ಅದು ಅಪ್ಪ ಹೇಳುತ್ತಿದ್ದ ಲೆಕ್ಕ. ಅಷ್ಟು ಕಾಯಿ ಬಿಡಿಸಿ, ನೆನೆಸಿ, ಹಿತುಕೋಕೆ ಈಗ ಮನೆಯಲ್ಲಿ ಇರೋದು ಅಮ್ಮ ಮತ್ತೆ ನಾನು. ಗಂಟಲು ಕಟ್ಟಿತು, ಕೈ ನಡುಗೋಕೆ ಶುರುವಾಯಿತು, ಅಲ್ಲೇ ನಿಂತು ಬಿಕ್ಕಿ ಬಿಕ್ಕಿ ಅತ್ತೆ.

ಎಂಟು ತಿಂಗಳಾದ ಮೇಲೆ ಯಾಕೆ? ಅಪ್ಪ ಇಲ್ಲ ಅನ್ನೋದನ್ನು ಮನಸ್ಸು ಒಂದೇ ಸಲ ಕಲಿಯುವುದಿಲ್ಲ. ವರ್ಷಾನುಗಟ್ಟಲೆ ಜೊತೆಗಿದ್ದವರು ನಮ್ಮ ನೂರಾರು ಅಭ್ಯಾಸಗಳ ಒಳಗೆ ಸೇರಿಕೊಂಡಿರುತ್ತಾರೆ. ಊಟದ ಹೊತ್ತು, ಬಾಗಿಲ ಬೆಲ್ಲು, ಹಬ್ಬ, ಕಾಯಿಪಲ್ಲೆ. ಒಂದೊಂದು ಜಾಗದಲ್ಲೂ ಅವರು ಇರ್ತಾರೆ ಅಂತಲೇ ಮನಸ್ಸು ಕಾಯುತ್ತಿರುತ್ತದೆ. ದಿನಾ ಕಾಣೋ ಖಾಲಿ ಕುರ್ಚಿ ಬೇಗ ಪಾಠ ಕಲಿಸುತ್ತದೆ. ವರ್ಷಕ್ಕೊಮ್ಮೆ ಬರುವ ಅವರೆಕಾಯಿ ಆ ಪಾಠ ಹೇಳೋಕೆ ಡಿಸೆಂಬರ್ ತನಕ ಕಾಯಲೇಬೇಕು. ನನಗೆ ಅದು ಅಪ್ಪನಿಲ್ಲದ ಮೊದಲ ಅವರೆಕಾಯಿ ಕಾಲ. ಅದರಲ್ಲೂ ವಾಸನೆ ಬಲು ಚುರುಕು. ಮೂಗಿನಿಂದ ಹೊರಟ ಸುದ್ದಿ ಮಿದುಳಿನಲ್ಲಿ ನೆನಪು ಮತ್ತು ಭಾವನೆಯ ಭಾಗಗಳಿಗೆ ಹತ್ತಿರದ ದಾರಿಯಲ್ಲೇ ತಲುಪುತ್ತದೆ. ಯೋಚನೆ ಎದ್ದು ಕೂರುವ ಮೊದಲೇ ಕಣ್ಣಲ್ಲಿ ನೀರು ಬಂದಿರುತ್ತದೆ.

ಇನ್ನೊಂದು ಕಾರಣ ನಮ್ಮ ಊರಿನ ಅವಸರ. ತಿಂಗಳು ತಿಂಗಳು ಮಾಡೋ ಮಾಸಿಕಗಳನ್ನು ರಜೆ ಸಿಗಲ್ಲ ಅಂತ ನಾವೂ ಹನ್ನೆರಡನೇ ದಿನವೇ ಒಟ್ಟಿಗೆ ಮುಗಿಸಿಬಿಟ್ಟಿದ್ದೆವು. ನನಗೆ ಶಾಸ್ತ್ರದಲ್ಲಿ ಅಂಥ ನಂಬಿಕೆ ಏನೂ ಇಲ್ಲ. ಆದರೆ ತಿಂಗಳಿಗೊಂದು ದಿನ ಎಲ್ಲ ಬಿಟ್ಟು ಸತ್ತವರ ಜೊತೆ ಕೂರುವ ಆ ಏರ್ಪಾಡು ಇದೆಯಲ್ಲ, ಅದರಲ್ಲಿ ತುಂಬಾ ಜಾಣತನ ಇದೆ.

ಆ ಹೊತ್ತಿನಲ್ಲಿ ಮಾಡಿದ್ದು ಇಷ್ಟೇ. ಅಂಗಡಿ ಪಕ್ಕಕ್ಕೆ ಸರಿದು ಗೋಡೆಗೆ ಬೆನ್ನು ಕೊಟ್ಟು ನಿಂತೆ. ಅಳು ತಡೆಯೋಕೆ ಹೋಗಲಿಲ್ಲ. ತಡೆದರೆ ಎದೆ ಬಿಗಿಯುತ್ತದೆ, ಅದು ಜಾಸ್ತಿ ಹೊತ್ತು ಕಾಡುತ್ತದೆ. ಉಸಿರು ಬಿಡೋದನ್ನು ಮಾತ್ರ ಎಳೆದುಕೊಳ್ಳೋದಕ್ಕಿಂತ ನಿಧಾನ ಮಾಡಿದೆ. ಹೀಗೆ ಉಕ್ಕಿ ಬರುವ ಅಳು ಸಾಮಾನ್ಯವಾಗಿ ಕೆಲವು ನಿಮಿಷದಲ್ಲಿ ತುದಿ ಮುಟ್ಟಿ ತಾನೇ ಇಳಿಯುತ್ತದೆ. "ನಮ್ಮಪ್ಪ ತರ್ತಿದ್ರು, ಹೋಗ್ಬಿಟ್ರು" ಅಂದೆ ಮಾರುವಾಕೆಗೆ. ಆಕೆ ಒಂದು ಲೋಟ ನೀರು ಕೊಟ್ಟಳು. ಕೈ ನಡುಕ ಪೂರ್ತಿ ನಿಲ್ಲುವ ತನಕ ಸ್ಕೂಟರ್ ಮುಟ್ಟಲಿಲ್ಲ. ಇದನ್ನು ಎಲ್ಲರಿಗೂ ಒತ್ತಿ ಹೇಳುತ್ತೇನೆ: ಕಣ್ಣು ಮಂಜಾಗಿರುವಾಗ ಬೆಂಗಳೂರಿನ ಟ್ರಾಫಿಕ್‌ಗೆ ಇಳಿಯಬೇಡಿ. ಎರಡು ಕೆಜಿ ತಗೊಂಡು ಮನೆಗೆ ಹೋದೆ.

ರಾತ್ರಿ ಅಮ್ಮನ ಮುಂದೆ ಚೀಲ ಇಟ್ಟು ನಡೆದದ್ದನ್ನು ಹೇಳಿದೆ. "ಅಳೋದಿದ್ರೆ ಅಳಮ್ಮ, ಕೈ ಮಾತ್ರ ನಿಲ್ಲಿಸ್ಬೇಡ. ಕಾಯಿ ಬಿಡಿಸ್ತಾ ಅಳು" ಅಂದಳು.

ನಾವು ಸಮಾಲೋಚಕರು ಓದಿದ್ದನ್ನು ಅಮ್ಮ ಒಂದೇ ಸಾಲಲ್ಲಿ ಹೇಳಿದ್ದಳು. ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶುಟ್ ಅನ್ನೋ ಇಬ್ಬರು ಸಂಶೋಧಕರು 1999ರಲ್ಲಿ ಬರೆದದ್ದು ಹತ್ತಿರ ಹತ್ತಿರ ಇದನ್ನೇ. ದುಃಖದಲ್ಲಿರುವ ಮನುಷ್ಯ ಎರಡು ಕಡೆ ಓಡಾಡುತ್ತಾನೆ. ಒಂದು ಕಡೆ ಹೋದವರ ನೆನಪು, ಅಳು. ಇನ್ನೊಂದು ಕಡೆ ಕರೆಂಟ್ ಬಿಲ್ಲು, ಅಡುಗೆ, ಹೊಸ ಜವಾಬ್ದಾರಿ. ಈ ಓಡಾಟ ನಡೀತಿದ್ದರೆ ಆರೋಗ್ಯ. ಒಂದೇ ಕಡೆ ಸಿಕ್ಕಿಹಾಕಿಕೊಂಡರೆ ತೊಂದರೆ. ಏಪ್ರಿಲ್‌ನಿಂದ ನಾನು ಎರಡನೇ ಕಡೆಯೇ ಇದ್ದೆ. ಡಿಸೆಂಬರ್ ನನ್ನನ್ನು ಮೊದಲನೇ ಕಡೆಗೆ ಎಳೆದು ತಂದಿತು, ಅಷ್ಟೇ.

ಹಾಗಾಗಿ ಭಾನುವಾರ ಸಂಜೆ ಅರ್ಧ ಗಂಟೆ ಅಪ್ಪನಿಗೆ ಅಂತ ಇಟ್ಟೆ. ಅವರ ಡೈರಿ, ಕನ್ನಡಕದ ಡಬ್ಬಿ, ಫೋನಿನಲ್ಲಿ ಉಳಿದಿದ್ದ ವಾಯ್ಸ್ ಮೆಸೇಜು. ಅಳು ಬಂದರೆ ಬರಲಿ, ಬರದಿದ್ದರೆ ಸುಮ್ನೆ ಕೂರೋದು. ಅಲಾರಾಂ ಹೊಡೆದ ಮೇಲೆ ಎದ್ದು ಮಾರನೇ ದಿನದ ತರಕಾರಿ ಹೆಚ್ಚೋದು. ಎದ್ದು ಕೈಗೆ ಕೆಲಸ ಹಚ್ಚುವ ಈ ಎರಡನೇ ಭಾಗ ಬಿಟ್ಟರೆ ಮೊದಲನೆಯದು ಇಡೀ ರಾತ್ರಿ ಎಳೆಯುತ್ತದೆ. ವಾಯ್ಸ್ ಮೆಸೇಜನ್ನು ಮೊದಲು ಇನ್ನೊಂದು ಕಡೆ ಕಾಪಿ ಮಾಡಿಡಿ. ಫೋನ್ ಕೆಟ್ಟು ಅಪ್ಪನ ಧ್ವನಿಯೂ ಹೋಯಿತು ಅಂತ ಬಂದವರನ್ನು ನೋಡಿದ್ದೇನೆ.

ಜೊತೆಗೆ ಒಂದು ನೋಟ್‌ಬುಕ್ ಇಟ್ಟೆ. ಅಳು ಉಕ್ಕಿದಾಗಲೆಲ್ಲ ದಿನ, ಜಾಗ, ಯಾವುದರಿಂದ ಶುರುವಾಯಿತು, ಹತ್ತಕ್ಕೆ ಎಷ್ಟು ಜೋರು, ಮಾಮೂಲಿಗೆ ಬರೋಕೆ ಎಷ್ಟು ಹೊತ್ತು. ಸಂಕ್ರಾಂತಿಯ ಎಳ್ಳುಬೆಲ್ಲ ಬರೋದು ಮೊದಲೇ ಗೊತ್ತಿತ್ತು. ಅಪ್ಪನ ಹೆಸರಲ್ಲಿ ಬಂದ ವಿಮೆ ಕಂಪನಿಯ ಹುಟ್ಟುಹಬ್ಬದ ಶುಭಾಶಯ ಗೊತ್ತಿರಲಿಲ್ಲ. ಬರೆಯುತ್ತಾ ಹೋದಂತೆ ಒಂದು ವಿಷಯ ಕಂಡಿತು. ಜೋರು ಅಷ್ಟೇನೂ ಕಮ್ಮಿಯಾಗಲಿಲ್ಲ, ಒಂಬತ್ತು ಅಂದರೆ ಒಂಬತ್ತೇ. ಕಮ್ಮಿಯಾದದ್ದು ಚೇತರಿಕೆಯ ಹೊತ್ತು. ಮೊದಮೊದಲು ಇಡೀ ದಿನ ಹಾಳಾಗುತ್ತಿತ್ತು, ಬರಬರುತ್ತಾ ಒಂದು ಕಾಫಿಯ ಹೊತ್ತಿಗೆ ಸರಿಹೋಗುತ್ತಿದ್ದೆ. ನಡುವಿನ ದಿನಗಳೂ ಜಾಸ್ತಿಯಾದವು. ದುಃಖ ಸರಿಯಾದ ದಾರಿಯಲ್ಲಿದೆಯಾ ಅಂತ ನೋಡೋಕೆ ನಾನು ನಂಬೋದು ಈ ಎರಡನ್ನೇ.

ಇವೆರಡೂ ಬದಲಾಗದೇ ಇದ್ದರೆ? ಅಗಲಿಕೆಯ ಹಂಬಲ ಹೆಚ್ಚುಕಮ್ಮಿ ದಿನವೂ ಕಾಡಿ, ಕೆಲಸ, ನಂಟು ಎಲ್ಲ ನಿಂತುಹೋಗಿದ್ದರೆ ಅದಕ್ಕೆ ವೈದ್ಯರು ಬೇರೆಯೇ ಹೆಸರಿಟ್ಟಿದ್ದಾರೆ: ದೀರ್ಘಕಾಲದ ದುಃಖದ ಕಾಯಿಲೆ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿ ಕನಿಷ್ಠ 6 ತಿಂಗಳು ಅನ್ನುತ್ತದೆ, ಅಮೆರಿಕದ ಮನೋವೈದ್ಯರ 2022ರ ಕೈಪಿಡಿ ದೊಡ್ಡವರಿಗೆ ಒಂದು ವರ್ಷ ಅನ್ನುತ್ತದೆ. ಆಗಾಗ ಉಕ್ಕಿ ಇಳಿಯುವ ಅಳು ಇದಲ್ಲ. ಆದರೆ ನಾನೂ ಅಪ್ಪನ ಹಿಂದೆ ಹೋಗಬೇಕು ಅನ್ನೋ ಯೋಚನೆ ಬಂದರೆ ತಿಂಗಳ ಲೆಕ್ಕ ಹಾಕುತ್ತಾ ಕೂರಬಾರದು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ನಿಮ್ಹಾನ್ಸ್ ಅಂತೂ ಊರಲ್ಲೇ ಇದೆ.

ವರ್ಷಾಬ್ದಿಕ ಹತ್ತಿರ ಬಂದಾಗ ನೋಟ್‌ಬುಕ್ ನೋಡಿ ರಜೆ ಹಾಕಿದೆ. ತಿಥಿಯ ದಿನ ಪುರೋಹಿತರು, ಅಡುಗೆಯವರು, ನೆಂಟರು ಇರುತ್ತಾರೆ, ಹೇಗೋ ಕಳೆಯುತ್ತದೆ. ನನ್ನ ಪುಸ್ತಕದಲ್ಲಿ ಹಬ್ಬಗಳ ಮಾರನೇ ದಿನವೇ ಜಾಸ್ತಿ ಅಂಕ ಬಿದ್ದಿತ್ತು. ಅದಕ್ಕೇ ಮಾರನೇ ದಿನಕ್ಕೂ ಸೇರಿಸಿ ರಜೆ ಕೇಳಿದೆ.